‘ಗೆರೆ ತನಕ ನೀರು’ ಎಷ್ಟು ಸಲ? ಮಕ್ಕಳ ಪುಡಿ ಸಿರಪ್ಪಿನ ಲೇಬಲನ್ನು ಮನೆಯವರಿಗೆ ತಿಳಿಯುವ ಹಾಗೆ ಬರೆದುಕೊಡುವುದು

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಾನು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯ ಆಯಿಯೊಬ್ಬರು ಮೊಮ್ಮಗನಿಗೆ ಕೊಂಡುಹೋದ ಆ್ಯಂಟಿಬಯಾಟಿಕ್ ಸಿರಪ್ಪಿನ ಬಾಟಲಿಯನ್ನು ನಾಲ್ಕನೇ ದಿನ ವಾಪಸ್ ತಂದರು. "ಔಷಧ ಇನ್ನೂ ತುಂಬೇ ಐತ್ರಿ, ಕೂಸಿನ ಜ್ವರ ಮಾತ್ರ ಇಳಿವಲ್ದು" ಅಂದರು. ನೋಡಿದರೆ ಬಾಟಲಿ ಸರಿಯಾಗಿ ಗೆರೆಯ ತನಕ ತುಂಬಿತ್ತು. ಆರೇಳು ಸಲ ಕೊಟ್ಟ ಮೇಲೂ ಅದು ಹೇಗೆ ತುಂಬಿರುತ್ತದೆ?

ಪ್ರತಿ ಸಲ ಔಷಧ ಕೊಟ್ಟಾದ ಮೇಲೆ ಅವರು ಕಾಯಿಸಿ ಆರಿಸಿದ ನೀರು ಹಾಕಿ ಮತ್ತೆ ಗೆರೆಗೆ ಮುಟ್ಟಿಸುತ್ತಿದ್ದರು. ಬಹಳ ಶ್ರದ್ಧೆಯಿಂದಲೇ ಮಾಡಿದ್ದರು. ತಪ್ಪು ಅವರದಲ್ಲ. ಬಾಟಲಿ ಕೊಡುವಾಗ ನಾನೇ ಲೇಬಲ್ ನೋಡಿ ಒಂದೇ ಉಸಿರಿನಲ್ಲಿ ಹೇಳಿದ್ದೆ: "ಗೆರೆ ತನಕ ನೀರು ಹಾಕಿ ಅಲ್ಲಾಡಿಸ್ರಿ, ಕಡಿಮಿ ಆದ್ರ ಮತ್ತ ಹಾಕ್ರಿ." ಪುಡಿ ಕರಗಿ ನೊರೆ ಇಳಿದಾಗ ಮಟ್ಟ ಕಡಿಮೆಯಾದರೆ, ಆಗೊಮ್ಮೆ ಹಾಕಿ ಅಂತ ನನ್ನ ಮನಸ್ಸಿನಲ್ಲಿತ್ತು. ಕೂಸಿಗೆ ಕೊಟ್ಟಾಗಲೂ ಮಟ್ಟ ಕಡಿಮೆಯಾಗುತ್ತದೆ, ಅಲ್ವಾ? ನನ್ನ ಮಾತಿನಲ್ಲಿ ಅದಕ್ಕೂ ಇದಕ್ಕೂ ಫರಕೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. 30 ಎಮ್ಎಲ್ ಬಾಟಲಿಯಿಂದ 4 ಎಮ್ಎಲ್ ತೆಗೆದು ಅಷ್ಟೇ ನೀರು ಸೇರಿಸಿದರೆ ಪ್ರತಿ ಸಲವೂ ಔಷಧ ತೆಳ್ಳಗಾಗುತ್ತಾ ಹೋಗುತ್ತದೆ. ಆರು ಸಲ ಹೀಗೆ ಮಾಡಿದರೆ ಏಳನೇ ಸಲ ಕೂಸಿನ ಬಾಯಿಗೆ ಹೋಗುವುದು ಡಾಕ್ಟರು ಹೇಳಿದ ಔಷಧದ ಅರ್ಧಕ್ಕಿಂತ ಕಡಿಮೆ. ಜ್ವರ ಹೇಗೆ ಇಳಿಯಬೇಕು?

ಅವತ್ತಿನಿಂದ ಇಂಥ ಸಿರಪ್ ಕೊಡುವಾಗ ಒಂದು ಚೀಟಿ ಬರೆದುಕೊಡುತ್ತೇನೆ. ಆ ಚೀಟಿ ಬರೆಯುವ ರೀತಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಮನೆಯಲ್ಲಿ ಇಂಗ್ಲಿಷ್ ಓದಲು ಬರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಸಾಕು, ಅವರೇ ಬರೆಯಬಹುದು. ಒಂದು ಮಾತು ಮಾತ್ರ ನೆನಪಿರಲಿ. ನಾವು ಬದಲಾಯಿಸುವುದು ಮಾತನ್ನು, ಔಷಧದ ಅಳತೆಯನ್ನಲ್ಲ. ಅಳತೆ ಡಾಕ್ಟರು ಬರೆದದ್ದೇ.

ಲೇಬಲ್ ಏನು ಹೇಳುತ್ತದೆ

ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆ್ಯಸಿಡ್ ಸೇರಿದ ಮಕ್ಕಳ ಸಿರಪ್ ತೆಗೆದುಕೊಳ್ಳೋಣ. ಕಿವಿ ನೋವು, ಗಂಟಲು, ಎದೆಯ ಸೋಂಕಿಗೆ ಡಾಕ್ಟರುಗಳು ಇದನ್ನು ಬಹಳ ಬರೆಯುತ್ತಾರೆ. ಅಂಗಡಿಯಲ್ಲಿ ಇದು ಬಾಟಲಿಯೊಳಗೆ ಒಣ ಪುಡಿಯಾಗಿ ಇರುತ್ತದೆ, ಮನೆಗೆ ಒಯ್ದು ನೀರು ಬೆರೆಸಬೇಕು. ಲೇಬಲ್ಲಿನ ಇಂಗ್ಲಿಷನ್ನು ಇದ್ದ ಹಾಗೇ ಕನ್ನಡಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಬೆರೆಸಿದ ಪ್ರತಿ 5 ಎಮ್ಎಲ್‌ನಲ್ಲಿ ಅಮಾಕ್ಸಿಸಿಲಿನ್ 200 ಎಮ್‌ಜಿ, ಕ್ಲಾವುಲಾನಿಕ್ ಆ್ಯಸಿಡ್ 28.5 ಎಮ್‌ಜಿ ಇರುತ್ತದೆ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ ನಿಧಾನವಾಗಿ ಸೇರಿಸಿ ಜೋರಾಗಿ ಅಲುಗಾಡಿಸಿ, ಅಗತ್ಯವಿದ್ದಲ್ಲಿ ಇನ್ನಷ್ಟು ನೀರು ಸೇರಿಸಿ ಗುರುತಿಗೆ ಸರಿಹೊಂದಿಸಿ. ಪ್ರತಿ ಬಳಕೆಗೆ ಮುನ್ನ ಚೆನ್ನಾಗಿ ಅಲುಗಾಡಿಸಿ. ಬೆರೆಸಿದ ಔಷಧವನ್ನು ರೆಫ್ರಿಜರೇಟರಿನಲ್ಲಿಟ್ಟು 7 ದಿನಗಳೊಳಗೆ ಬಳಸಿ, ಹೆಪ್ಪುಗಟ್ಟಿಸಬೇಡಿ. ಪ್ರಮಾಣ: ವೈದ್ಯರು ಸೂಚಿಸಿದಂತೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ತೊಂದರೆ ಬೇರೆ ಇದೆ. ಒಂದೇ ಒಂದು ಸಲ ಮಾಡುವ ಕೆಲಸ, ಪ್ರತಿ ಸಲ ಮಾಡುವ ಕೆಲಸ, ಕೊನೆಗೆ ಮಾಡುವ ಕೆಲಸ, ಮೂರೂ ಒಂದೇ ಗುಂಪಿನಲ್ಲಿ ಒತ್ತಿಕೊಂಡು ನಿಂತಿವೆ. ಓದುವವರಿಗೆ ಯಾವುದು ಯಾವುದಕ್ಕೆ ಅಂತ ಬಿಡಿಸಿ ಹೇಳುವವರಿಲ್ಲ. ಹಾಗಾಗಿ ಲೇಬಲ್ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ಅನುವಾದ ಅಲ್ಲ, ಬೇರ್ಪಡಿಸುವುದು. ಹಾಳೆಯನ್ನು ಮೂರು ಭಾಗ ಮಾಡಿ. ಮೇಲೆ ‘ಒಂದೇ ಸಲ’, ನಡುವೆ ‘ಪ್ರತಿ ಸಲ’, ಕೆಳಗೆ ‘ಯಾವಾಗ ನಿಲ್ಲಿಸಬೇಕು’ ಅಂತ ಬರೆಯಿರಿ. ಆಮೇಲೆ ಲೇಬಲ್ಲಿನ ಒಂದೊಂದು ವಾಕ್ಯ ಎತ್ತಿ ಅದರದರ ಜಾಗಕ್ಕೆ ಹಾಕಿ. ನನ್ನ ಆಯಿಯ ಬಾಟಲಿಯ ಗೋಳು ಇಷ್ಟರಲ್ಲೇ ಮುಗಿಯುತ್ತಿತ್ತು. ‘ಇನ್ನಷ್ಟು ನೀರು’ ಎಂಬುದು ಮೇಲಿನ ಭಾಗಕ್ಕೆ ಸೇರಿದರೆ ಅದು ಕೆಳಗೆ ಇಳಿದು ಬರುವುದಿಲ್ಲ.

ಮೊದಲು 5 ಎಮ್ಎಲ್ ಎಂಬ ಬಲೆಯಿಂದ ಹೊರಗೆ ಬನ್ನಿ

ನಮ್ಮ ಉದಾಹರಣೆಯ ಕೂಸಿನ ತೂಕ 8 ಕೆ.ಜಿ. ಡಾಕ್ಟರು ಬರೆದದ್ದು: 4 ಎಮ್ಎಲ್, ಬಿ.ಡಿ., 5 ದಿನ. ಬಿ.ಡಿ. ಅಂದರೆ ದಿನಕ್ಕೆ ಎರಡು ಸಲ. ಕೆಲವರು ಇದನ್ನೇ 1-0-1 ಎಂದು ಬರೆಯುತ್ತಾರೆ. ಮುಂಜಾನೆ ಇದೆ, ಮಧ್ಯಾಹ್ನ ಇಲ್ಲ, ರಾತ್ರಿ ಇದೆ ಅಂತ ಅದರರ್ಥ. ಸಿರಪ್ಪಿನ ಚೀಟಿಯಲ್ಲಿ 1-0-1 ನೋಡಿ ‘ಒಂದು ಚಮಚ’ ಎಂದೋ ‘ಒಂದು ಮುಚ್ಚಳ’ ಎಂದೋ ತಿಳಿದುಕೊಂಡವರನ್ನು ನಾನು ಕಂಡಿದ್ದೇನೆ. ನೀವು ಬರೆಯುವ ಚೀಟಿಯಲ್ಲಿ ಈ ಗುರುತುಗಳು ಬೇಡ.

ಈಗ ಬಾಟಲಿ ನೋಡಿ. ಅದರ ಮೇಲೆ ದೊಡ್ಡದಾಗಿ ಕಾಣುವ ಅಳತೆ ಯಾವುದು? ‘ಪ್ರತಿ 5 ಎಮ್ಎಲ್‌ನಲ್ಲಿ’. ಇದು ಕೂಸಿಗೆ ಎಷ್ಟು ಕೊಡಬೇಕು ಎನ್ನುವುದಲ್ಲ, ಔಷಧ ಎಷ್ಟು ಗಟ್ಟಿ ಎನ್ನುವುದು. ಆದರೆ ಎಣಿಕೆ ಓದಲು ಬರುವ, ಇಂಗ್ಲಿಷ್ ಬಾರದ ಅಪ್ಪನ ಕಣ್ಣಿಗೆ ಬೀಳುವುದು 5 ಎಮ್ಎಲ್ ಒಂದೇ. ಮುಚ್ಚಳದ ಮೇಲೂ 5ರ ಗೆರೆ ಎದ್ದು ಕಾಣುತ್ತದೆ. ಎರಡೂ ಕೂಡಿ ‘ಇದೇ ಅಳತೆ’ ಅಂತ ಸಾಕ್ಷಿ ಹೇಳಿದ ಹಾಗಾಗುತ್ತದೆ. ಆದ್ದರಿಂದ ಎಮ್‌ಜಿಯ ಸಾಲನ್ನು ಚೀಟಿಗೆ ಇಳಿಸಲೇ ಬೇಡಿ. ಅದು ಡಾಕ್ಟರಿಗೂ ನನಗೂ ಬೇಕಾದ ಸಂಗತಿ. ಇದೇ ಔಷಧ ಎರಡು ಪಟ್ಟು ಗಟ್ಟಿಯಾಗಿಯೂ ಸಿಗುತ್ತದೆ, 5 ಎಮ್ಎಲ್‌ಗೆ 400 ಎಮ್‌ಜಿ ಇರುವಂಥದ್ದು. ಹಾಗಾಗಿ ಬರೆಯುವ ಮುಂಚೆ ನೀವು ಒಂದು ಕೆಲಸ ಮಾಡಿ. ಡಾಕ್ಟರ ಚೀಟಿಯಲ್ಲಿರುವ ಹೆಸರು ಮತ್ತು ಎಣಿಕೆ ಎರಡೂ ಬಾಟಲಿಯ ಜೊತೆ ಹೊಂದುತ್ತವಾ ನೋಡಿ. ಹೊಂದದಿದ್ದರೆ ಬರೆಯುವುದನ್ನು ಅಲ್ಲೇ ನಿಲ್ಲಿಸಿ ಅಂಗಡಿಯಲ್ಲಿ ಕೇಳಿ. ನೀವೇ ಲೆಕ್ಕ ಹಾಕಿ ‘ಅರ್ಧ ಮಾಡಿದರಾಯ್ತು’ ಅನ್ನಬೇಡಿ.

ಚೀಟಿಯಲ್ಲಿ ಎಮ್ಎಲ್ ಎಂಬ ಅಳತೆ ಒಂದೇ ಕಡೆ ಬರಬೇಕು, ಕೂಸಿನ ಬಾಯಿಗೆ ಹೋಗುವ ಅಳತೆಯ ಕಡೆ. ಅದನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿರಿ: ‘4 (ನಾಲ್ಕು) ಎಮ್ಎಲ್’. 4.0 ಅಂತ ಬರೆಯಬೇಡಿ, ಚುಕ್ಕಿ ಮಸುಕಾದರೆ ಅದು 40. ಅರ್ಧ ಎಮ್ಎಲ್ ಇದ್ದರೆ ಬರೀ .5 ಬೇಡ, 0.5 ಎಂದೇ ಬರೆದು ಪಕ್ಕಕ್ಕೆ ‘ಅರ್ಧ’ ಎನ್ನಿ. ಕನ್ನಡ ಅಂಕಿ ಬರೆಯುವ ಅಭ್ಯಾಸ ಇದ್ದವರು ಇಲ್ಲಿ ಸ್ವಲ್ಪ ಬಿಡುವುದು ಒಳ್ಳೆಯದು. ನನಗೂ ಕನ್ನಡ ಅಂಕಿ ಇಷ್ಟವೇ. ಆದರೆ ಕೈಬರಹದಲ್ಲಿ ೬ ಮತ್ತು ೯ ಒಂದರ ಹಾಗೆ ಇನ್ನೊಂದು ಕಾಣುತ್ತವೆ, ಸಿರಿಂಜಿನ ಮೇಲೆ ಇರುವುದಂತೂ 1, 2, 3, 4. ಚೀಟಿಯ ಅಂಕಿ ಸಿರಿಂಜಿನ ಅಂಕಿಯ ಹಾಗೇ ಇದ್ದರೆ ಓದು ಬಾರದವರೂ ಆಕಾರ ಹೋಲಿಸಿ ನೋಡಬಹುದು.

ಬಹಳ ಮುಚ್ಚಳಗಳಲ್ಲಿ 2.5 ಮತ್ತು 5ರ ಗೆರೆ ಇರುತ್ತವೆ, 4ರ ಗೆರೆ ಇರುವುದಿಲ್ಲ. ‘ಐದಕ್ಕಿಂತ ಸ್ವಲ್ಪ ಕೆಳಗೆ’ ಅಂತ ಹೇಳಿದರೆ ಅತ್ತೆಯ ಸ್ವಲ್ಪ ಬೇರೆ, ಸೊಸೆಯ ಸ್ವಲ್ಪ ಬೇರೆ. ಅಡುಗೆಮನೆಯ ಚಮಚದ ಮಾತು ಎತ್ತುವುದೇ ಬೇಡ, ಒಂದೇ ಮನೆಯ ಎರಡು ಚಮಚಗಳಲ್ಲಿ ಹಿಡಿಯುವ ಔಷಧ ಒಂದೇ ಇರುವುದಿಲ್ಲ. 5 ಎಮ್ಎಲ್ ಸಿರಿಂಜ್ ಕೇಳಿ ತೆಗೆದುಕೊಳ್ಳಿ. ಸೂಜಿಯನ್ನೂ ಅದರ ಸಣ್ಣ ಮುಚ್ಚಳವನ್ನೂ ಅಂಗಡಿಯಲ್ಲೇ ತೆಗೆಸಿಬಿಡಿ, ಆ ಮುಚ್ಚಳ ಕೂಸಿನ ಗಂಟಲಿಗೆ ಹೋದರೆ ಕಷ್ಟ. ಸಿರಿಂಜಿನ 4ರ ಗೆರೆಯ ಮೇಲೆ ಹೊರಗಿನಿಂದ ಉಗುರುಬಣ್ಣದಿಂದ ಒಂದು ಗೀಟು ಎಳೆಯಿರಿ. ಪೆನ್ನಿನ ಶಾಯಿ ಎರಡು ಸಲ ತೊಳೆಯುವಷ್ಟರಲ್ಲಿ ಹೋಗುತ್ತದೆ, ಉಗುರುಬಣ್ಣ ಐದು ದಿನ ನಿಲ್ಲುತ್ತದೆ. ಚೀಟಿಯಲ್ಲಿ ಸಿರಿಂಜಿನ ಚಿತ್ರ ಬರೆದು ಅಲ್ಲೂ ಅದೇ ಬಣ್ಣದ ಗೀಟು ಹಾಕಿ. ಈಗ ‘ಕೆಂಪು ಗೀಟಿನ ತನಕ’ ಅಂದರೆ ಸಾಕು.

ಮಾತನ್ನು ಬಿಡಿಸುವುದು

‘ಅಲುಗಾಡಿಸಿ’ ಎಂಬ ಮಾತು ಲೇಬಲ್ಲಿನಲ್ಲಿ ಎರಡು ಕಡೆ ಬರುತ್ತದೆ, ಎರಡಕ್ಕೂ ಕಾರಣ ಬೇರೆ. ಮೊದಲ ಸಲ ಪುಡಿ ನೀರಿನಲ್ಲಿ ಬೆರೆಯಲಿ ಅಂತ. ಆಮೇಲೆ ಪ್ರತಿ ಸಲ ಯಾಕೆಂದರೆ ಈ ಔಷಧ ಸಕ್ಕರೆಯ ಹಾಗೆ ಪೂರ್ತಿ ಕರಗುವುದಿಲ್ಲ, ಬಾಟಲಿ ಸುಮ್ನೆ ಇಟ್ಟರೆ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಮೇಲಿನ ತೆಳು ನೀರು, ಕೊನೆಗೆ ತಳದ ಗಟ್ಟಿ ಔಷಧ. ಅಳತೆ ಪ್ರತಿ ಸಲ 4 ಎಮ್ಎಲ್ ಇದ್ದರೂ ಔಷಧ ಒಂದೇ ಇರುವುದಿಲ್ಲ. ಚೀಟಿಯಲ್ಲಿ ಎರಡು ಬೇರೆ ಸಾಲು ಬೇಕು. ‘ಚೆನ್ನಾಗಿ’ ಅನ್ನುವ ಬದಲು ‘ತಳದಲ್ಲಿ ಬಿಳಿ ಕಾಣದ ಹಾಗೆ ಆಗುವ ತನಕ’ ಅನ್ನಿ. ಬಾಟಲಿ ಮಗುಚಿ ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ‘ಕಲಸಿ’ ಎಂಬ ಪದ ಬೇಡ. ನಮ್ಮ ಕಡೆ ಕಲಸುವುದು ಅಂದರೆ ಹಿಟ್ಟು, ಅನ್ನ. ಒಬ್ಬರು ಚಮಚ ಬಾಟಲಿಯೊಳಗೆ ಹಾಕಿ ತಿರುವಿದ್ದರು.

‘ಕುದಿಸಿ ಆರಿಸಿದ’ ಎಂಬುದೂ ಜಾರುವ ಮಾತೇ. ಬಿಸಿ ನೀರಿನಲ್ಲಿ ಪುಡಿ ಬೇಗ ಕರಗುತ್ತದೆ ಅಂತ ಉಗುರುಬೆಚ್ಚಗಿರುವಾಗಲೇ ಹಾಕುವವರು ಜಾಸ್ತಿ. ಈ ಔಷಧಕ್ಕೆ ಬಿಸಿ ಆಗುವುದಿಲ್ಲ, ಅದರ ಶಕ್ತಿ ಕುಂದುತ್ತದೆ. ‘ನೀರು ಕುದಿಸಿ. ಮುಚ್ಚಿಡಿ. ಬೊಗಸೆಯಲ್ಲಿ ಹಿಡಿದರೆ ಬೆಚ್ಚಗೆ ಅನ್ನಿಸಬಾರದು, ಆಮೇಲೆ ಹಾಕಿ’ ಎಂದು ಬರೆದರೆ ಅನುಮಾನ ಉಳಿಯುವುದಿಲ್ಲ. ಬೊಗಸೆಯ ನೀರನ್ನು ವಾಪಸ್ ಪಾತ್ರೆಗೆ ಸುರಿಯಬೇಡಿ, ಅಷ್ಟೇ. ಕೆಲವು ಡಬ್ಬಿಗಳಲ್ಲಿ ಜೊತೆಗೆ ನೀರಿನ ಸಣ್ಣ ಪ್ಲಾಸ್ಟಿಕ್ ಶೀಸೆ ಇಟ್ಟಿರುತ್ತಾರೆ. ಅದಿದ್ದರೆ ಮನೆಯ ನೀರು ಬೇಡ. ಆಗ ಆ ಡಬ್ಬಿಯ ಮೇಲೆ ಬರೆದ ಹಾಗೆ ನಡೆಯಿರಿ.

ಗೆರೆ ಎಲ್ಲಿದೆ ಎಂಬುದನ್ನೂ ತೋರಿಸಬೇಕು. ಕೆಲವದರಲ್ಲಿ ಗಾಜಿನಲ್ಲೇ ಉಬ್ಬಿದ ಗೆರೆ, ಕೆಲವದರಲ್ಲಿ ಲೇಬಲ್ಲಿನ ಮೇಲೆ ಬಾಣದ ಗುರುತು. ಪುಡಿ ಗಡ್ಡೆಯಾಗಿ ತಳಕ್ಕೆ ಹಿಡಿದಿರುತ್ತದೆ, ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಸಡಿಲ ಮಾಡಬೇಕು. ಆಮೇಲೆ ಗೆರೆಗಿಂತ ಒಂದು ಬೆರಳು ಕೆಳಗಿನ ತನಕ ನೀರು ಹಾಕಿ ಅಲ್ಲಾಡಿಸಬೇಕು. ಒಂದೇ ಸಲಕ್ಕೆ ಗೆರೆ ಮುಟ್ಟಿಸಿದರೆ ಅಲ್ಲಾಡಿಸಲು ಜಾಗ ಇರುವುದಿಲ್ಲ. ನೊರೆ ಎದ್ದಿರುತ್ತದೆ, ಅದನ್ನೇ ಮಟ್ಟ ಅಂತ ತಿಳಿಯಬಾರದು. ಸ್ವಲ್ಪ ಹೊತ್ತು ಬಿಟ್ಟು, ನೊರೆ ಇಳಿದ ಮೇಲೆ ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ ಉಳಿದ ನೀರು ಹಾಕಬೇಕು. ಈ ಸಾಲಿನ ಕೊನೆಗೆ ನಾನು ದಪ್ಪಗೆ ಒಂದು ಮಾತು ಸೇರಿಸುತ್ತೇನೆ: ‘ಇವತ್ತಿನ ನಂತರ ಈ ಬಾಟ್ಲಿಗೆ ನೀರು ಇಲ್ಲ.’ ಸಾಧ್ಯವಾದರೆ ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಅಂಗಡಿಯಲ್ಲೇ ನೀರು ಬೆರೆಸಿಕೊಡಿ ಅಂತ ಕೇಳಿ. ಮನೆ ದೂರವಿದ್ದರೆ, ಬಿಸಿಲಿದ್ದರೆ ಅದು ಆಗದು, ಆಗ ಚೀಟಿಯೇ ಗತಿ.

ಫ್ರಿಜ್ಜಿನ ವಿಷಯಕ್ಕೆ ಬನ್ನಿ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಬೆರೆಸಿದ ಈ ಔಷಧಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ. ‘ತಂಪಾದ ಜಾಗದಲ್ಲಿಡಿ’ ಎಂದು ಬರೆದರೆ ಜನ ಮಣ್ಣಿನ ಗಡಿಗೆಯ ಪಕ್ಕ ಇಡುತ್ತಾರೆ. ಗಡಿಗೆಯ ನೀರು ಕುಡಿಯಲು ತಂಪು, 8 ಡಿಗ್ರಿಗೆ ಅದು ಬರುವುದಿಲ್ಲ. ಆದ್ದರಿಂದ ‘ಫ್ರಿಜ್’ ಎಂದೇ ಬರೆಯಿರಿ, ‘ತಂಪು’ ಬೇಡ. ಫ್ರಿಜ್ ಮತ್ತು ಫ್ರೀಜರ್ ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ‘ಫ್ರೀಜರಿನಲ್ಲಿ ಬೇಡ’ ಅನ್ನುವ ಬದಲು ‘ಬರ್ಫ್ ಆಗುವ ಖಾನೆಯಲ್ಲಿ ಇಡಬೇಡಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಅದನ್ನು ಡಾಕ್ಟರ ಮುಂದೆಯೇ ಹೇಳಬೇಕು, ನಾಚಿಕೆ ಬೇಡ. ಇದೇ ಔಷಧದ ನೀರಿನಲ್ಲಿ ಕರಗುವ ಗುಳಿಗೆಯೂ ಇದೆ, ಅದನ್ನು ಫ್ರಿಜ್ಜಿನಲ್ಲಿಡಬೇಕಾಗಿಲ್ಲ. ನಿಮ್ಮ ಕೂಸಿನ ತೂಕಕ್ಕೆ ಅದು ಸರಿಹೋಗುತ್ತದಾ ಅಂತ ಅವರೇ ನೋಡಬೇಕು. ಇಲ್ಲದಿದ್ದರೆ ಪಕ್ಕದ ಮನೆಯ ಫ್ರಿಜ್. ನಮ್ಮೂರಲ್ಲಿ ಅದಕ್ಕೆ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಬೆರೆಸಿದಾಗ ಇದ್ದ ಬಣ್ಣ ಗಾಢ ಹಳದಿಗೋ ಕಂದಿಗೋ ತಿರುಗಿದರೆ ಕೊಡಬೇಡಿ, ಬಾಟಲಿ ಸಮೇತ ಅಂಗಡಿಗೆ ಬನ್ನಿ.

ಇನ್ನು ಹೊತ್ತು. ‘ದಿನಕ್ಕೆ ಎರಡು ಸಲ’ ಎಂಬುದನ್ನು ಕೆಲವರು ಮುಂಜಾನೆ ಮತ್ತು ಮಧ್ಯಾಹ್ನ ಅಂತ ಮಾಡುತ್ತಾರೆ, ಯಾಕೆಂದರೆ ಸಂಜೆ ಹೊಲದಿಂದ ಬರುವುದು ತಡ. ‘12 ತಾಸಿಗೊಮ್ಮೆ’ ಎಂದರೆ ಇನ್ನೂ ಕಷ್ಟ, ಗಡಿಯಾರ ನೋಡಿ ಲೆಕ್ಕ ಹಾಕಬೇಕು. ಎರಡು ಸಲದ ನಡುವೆ ಸುಮಾರು ಸಮನಾದ ಅಂತರ ಇರಬೇಕು, ಅಷ್ಟು ಸಾಕು. ಮನೆಯಲ್ಲಿ ದಿನಾ ತಪ್ಪದೆ ನಡೆಯುವ ಕೆಲಸಕ್ಕೆ ಔಷಧವನ್ನು ಕಟ್ಟಿಹಾಕಿ. ಈ ಔಷಧವನ್ನು ಊಟದ ಶುರುವಿನಲ್ಲಿ ಕೊಟ್ಟರೆ ಹೊಟ್ಟೆಗೆ ತ್ರಾಸ ಕಡಿಮೆ, ಔಷಧವೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ‘ಮುಂಜಾನೆ ಗಂಜಿ ಶುರು ಮಾಡುವಾಗ, ರಾತ್ರಿ ಅನ್ನ ಶುರು ಮಾಡುವಾಗ’ ಎಂದು ಬರೆಯುತ್ತೇನೆ. ತಾಯಿಯನ್ನು ಕೇಳಿಯೇ ಇದನ್ನು ತುಂಬಬೇಕು. ನಾನು ಒಮ್ಮೆ ‘ನಾಷ್ಟಾ ಜೊತೆ’ ಎಂದು ಬರೆದುಕೊಟ್ಟೆ. ಆ ಮನೆಯಲ್ಲಿ ನಾಷ್ಟಾ ಅನ್ನುವುದೇ ಇರಲಿಲ್ಲ, ಹತ್ತು ಗಂಟೆಗೆ ನೇರ ರೊಟ್ಟಿ ಊಟ.

‘5 ದಿನ’ವನ್ನು ಎಣಿಸಿ ಬಿಡಿಸಿ

ಇದು ಬಹಳ ಜನ ಎಡವುವ ಜಾಗ. ನಾವು ಅಂಗಡಿಯಿಂದ ಔಷಧ ಒಯ್ಯುವುದು ಸಾಮಾನ್ಯವಾಗಿ ಸಂಜೆ. ಸೋಮವಾರ ರಾತ್ರಿ ಮೊದಲ ಸಲ ಕೊಟ್ಟರೆ ಸೋಮವಾರ ಒಂದು ದಿನ ಆಯಿತೋ ಇಲ್ಲವೋ? ಐದು ದಿನ ಅಂದರೆ ಶುಕ್ರವಾರಕ್ಕೆ ಮುಗಿಯಬೇಕೋ, ಶನಿವಾರಕ್ಕೋ? ವಾದ ಬೇಡ. ದಿನಕ್ಕೆ 2 ಸಲ, 5 ದಿನ, ಒಟ್ಟು 10 ಸಲ. ಚೀಟಿಯಲ್ಲಿ ‘5 ದಿನ’ ಎಂದು ಬರೆಯದೆ ಹತ್ತು ಚೌಕ ಹಾಕಿ, ಒಂದೊಂದರ ಕೆಳಗೆ ವಾರ ಮತ್ತು ಹೊತ್ತು ಬರೆಯಿರಿ. ಸೋಮ ರಾತ್ರಿಯಿಂದ ಶುರುವಾದರೆ ಹತ್ತನೆಯದು ಶನಿವಾರ ಮುಂಜಾನೆ. ಕೊಟ್ಟ ಕೂಡಲೇ ಒಂದು ಗೀಟು. ಅಪ್ಪ ಕೊಟ್ಟಿದ್ದು ಅವ್ವನಿಗೆ ಗೊತ್ತಿಲ್ಲದೆ ಎರಡು ಸಲ ಹೋಗುವುದೂ ಇದರಿಂದ ತಪ್ಪುತ್ತದೆ.

ಈಗ ಬಾಟಲಿಯ ಲೆಕ್ಕ. 4 ಎಮ್ಎಲ್ ಹತ್ತು ಸಲ ಅಂದರೆ 40 ಎಮ್ಎಲ್. ಬಾಟಲಿ ಇರುವುದು 30ರದ್ದು, ಆದ್ದರಿಂದ ಎರಡು ಬಾಟಲಿ ಕೊಡುತ್ತೇವೆ. ಮೊದಲ ಬಾಟಲಿಯಲ್ಲಿ ಏಳು ಸಲ ಆದ ಮೇಲೆ 2 ಎಮ್ಎಲ್ ಉಳಿಯುತ್ತದೆ. ಇಲ್ಲಿ ಎರಡು ಥರದ ತಪ್ಪು ನಡೆಯುತ್ತವೆ. ಒಂದು, ಬಾಟಲಿ ಮುಗಿಯಿತು, ಜ್ವರವೂ ಇಳಿದಿದೆ, ಔಷಧ ಮುಗಿಯಿತು ಅಂತ ಎರಡನೆಯದನ್ನು ಒಡೆಯದೇ ಇಡುವುದು. ಇನ್ನೊಂದು, ಮೊದಲ ದಿನವೇ ಎರಡಕ್ಕೂ ನೀರು ಬೆರೆಸಿಬಿಡುವುದು. ಇಲ್ಲಿ ಐದೇ ದಿನದ ಔಷಧವಾದ್ದರಿಂದ ಏಳು ದಿನದ ಗಡಿಯೊಳಗೆ ಮುಗಿದೀತು. ಆದರೆ ಡಾಕ್ಟರು 10 ದಿನ ಬರೆದಿದ್ದರೆ ಕೊನೆಯ ದಿನಗಳಲ್ಲಿ ಕೂಸಿಗೆ ಹೋಗುವುದು ಗಡಿ ದಾಟಿದ ಔಷಧ.

ನಾನು ಮಾಡುವುದು ಇಷ್ಟು. ಬಾಟಲಿಗಳ ಮುಚ್ಚಳದ ಮೇಲೆ 1 ಮತ್ತು 2 ಎಂದು ಬರೆಯುತ್ತೇನೆ. ಚೌಕಗಳಲ್ಲಿ ಏಳರ ನಂತರ ಒಂದು ದಪ್ಪ ಗೀಟು ಹಾಕಿ ‘ಇಲ್ಲಿ 2ನೇ ಬಾಟ್ಲಿಗೆ ನೀರು’ ಎನ್ನುತ್ತೇನೆ. ಉಳಿದ 2 ಎಮ್ಎಲ್ ಚೆಲ್ಲಿ ಅಂತ ಹೇಳುತ್ತೇನೆ. ‘ಇದರಿಂದ ಎರಡು, ಅದರಿಂದ ಎರಡು’ ಎಂಬ ಲೆಕ್ಕ ಕಾಗದದಲ್ಲಿ ಸರಿ, ರಾತ್ರಿ ಅಳುವ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡವರಿಗೆ ಅದು ಆಗುವ ಕೆಲಸ ಅಲ್ಲ.

ಪೂರ್ತಿ ಚೀಟಿ

ಇದು ನಮ್ಮ 8 ಕೆ.ಜಿ. ಕೂಸಿನ ಚೀಟಿ. ನಿಮ್ಮದರಲ್ಲಿ ಅಳತೆ, ದಿನ, ಬಾಟಲಿ ಬೇರೆ ಇರುತ್ತವೆ, ಇದನ್ನು ನಕಲು ಮಾಡಬೇಡಿ.

ಒಂದೇ ಸಲ (ಬಾಟ್ಲಿ ತೆರೆದ ದಿನ)
1. ನೀರು ಕುದಿಸಿ. ಮುಚ್ಚಿ ಪೂರ್ತಿ ಆರಿಸಿ.
2. ಬಾಟ್ಲಿ ತಟ್ಟಿ ಪುಡಿ ಸಡಿಲ ಮಾಡಿ.
3. ಗೆರೆಗಿಂತ ಒಂದು ಬೆರಳು ಕೆಳಗಿನ ತನಕ ನೀರು ಹಾಕಿ.
4. ಮುಚ್ಚಳ ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಇಳಿಯಲಿ.
5. ಗೆರೆ ಮುಟ್ಟುವ ತನಕ ನೀರು ಹಾಕಿ. ಮತ್ತೆ ಅಲ್ಲಾಡಿಸಿ.
6. ಇವತ್ತಿನ ನಂತರ ಈ ಬಾಟ್ಲಿಗೆ ನೀರು ಇಲ್ಲ.
7. ಬಾಟ್ಲಿ ಮೇಲೆ ಇವತ್ತಿನ ತಾರೀಖು ಬರೆಯಿರಿ.

ಪ್ರತಿ ಸಲ
1. ಮುಂಜಾನೆ ಗಂಜಿ ಶುರು ಮಾಡುವಾಗ. ರಾತ್ರಿ ಅನ್ನ ಶುರು ಮಾಡುವಾಗ.
2. ತಳದಲ್ಲಿ ಬಿಳಿ ಕಾಣದ ಹಾಗೆ ಬಾಟ್ಲಿ ಅಲ್ಲಾಡಿಸಿ.
3. ಸಿರಿಂಜಿನಲ್ಲಿ ಕೆಂಪು ಗೀಟಿನ ತನಕ ಎಳೆಯಿರಿ: 4 (ನಾಲ್ಕು) ಎಮ್ಎಲ್. ಗಾಳಿಯ ಗುಳ್ಳೆ ಇದ್ದರೆ ಬಾಟ್ಲಿಗೇ ಬಿಟ್ಟು ಮತ್ತೆ ಎಳೆಯಿರಿ.
4. ಕೂಸನ್ನು ಕೂರಿಸಿ, ಕೆನ್ನೆಯ ಒಳಗಡೆಗೆ ನಿಧಾನ ಬಿಡಿ.
5. ಚೌಕದಲ್ಲಿ ಗೀಟು ಹಾಕಿ.
6. ಬಾಟ್ಲಿ ಫ್ರಿಜ್ಜಿನಲ್ಲಿ. ಬರ್ಫ್ ಖಾನೆಯಲ್ಲಿ ಬೇಡ. ಸಿರಿಂಜ್ ತೊಳೆದಿಡಿ.

ಯಾವಾಗ ನಿಲ್ಲಿಸಬೇಕು
1. ಹತ್ತು ಚೌಕ ತುಂಬಿದಾಗ. ಜ್ವರ ಇಳಿದಾಗ ಅಲ್ಲ.
2. ಮುಖ, ತುಟಿ ಊದಿದರೆ, ಉಸಿರು ಕಷ್ಟವಾದರೆ: ಔಷಧ ನಿಲ್ಲಿಸಿ, ತಕ್ಷಣ ದವಾಖಾನೆಗೆ. ಗಾಡಿ ಇಲ್ಲದಿದ್ದರೆ 108.
3. ಮೈಮೇಲೆ ದದ್ದು ಬಂದರೆ: ಮುಂದಿನ ಸಲ ಕೊಡುವ ಮೊದಲು ಡಾಕ್ಟರಿಗೆ ಫೋನ್.

ಮರೆತರೆ ಏನು ಮಾಡಬೇಕು ಎಂಬುದನ್ನು ನಾನು ಚೀಟಿಯ ಹಿಂದೆ ಬರೆಯುತ್ತೇನೆ, ಮುಂದೆ ಬರೆದರೆ ಗೊಂದಲ. ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ತಪ್ಪಿದ್ದನ್ನು ಬಿಡಿ. ಎರಡು ಸಲದ್ದು ಕೂಡಿಸಿ 8 ಎಮ್ಎಲ್ ಕೊಡಬೇಡಿ. ಕೊಟ್ಟ ಅರ್ಧ ತಾಸಿನೊಳಗೆ ವಾಂತಿಯಾದರೆ ಮತ್ತೆ ಕೊಡುವ ಮುಂಚೆ ಫೋನ್ ಮಾಡಿ ಕೇಳಿ. ಎರಡು ಮೂರು ಸಲ ತೆಳ್ಳಗೆ ಸಂಡಾಸ ಆಗುವುದು ಈ ಔಷಧದಲ್ಲಿ ಉಂಟು, ಅದಕ್ಕೇ ಔಷಧ ಬಿಡುವುದಿಲ್ಲ. ಸಂಡಾಸ ಜಾಸ್ತಿಯಾದರೆ, ಕೂಸು ಸೊರಗಿದರೆ, ರಕ್ತ ಕಂಡರೆ ಡಾಕ್ಟರಲ್ಲಿಗೆ.

ಬರೆದುಕೊಟ್ಟ ಮೇಲೆ

"ತಿಳೀತಾ?" ಎಂದು ಕೇಳಿದರೆ ಎಲ್ಲರೂ "ಹೂಂನ್ರಿ" ಅನ್ನುತ್ತಾರೆ. ಹಿಂದೆ ನಿಂತ ಗಿರಾಕಿಗಳ ಮುಂದೆ ಇಲ್ಲ ಅನ್ನುವವರು ಯಾರು? ಅಮೆರಿಕದಲ್ಲಿ 395 ಜನರನ್ನು ಕೂರಿಸಿ ಔಷಧದ ಲೇಬಲ್ ಓದಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ‘ಎರಡು ಗುಳಿಗೆ, ದಿನಕ್ಕೆ ಎರಡು ಸಲ’ ಎಂಬುದನ್ನು ಓದು ಕಡಿಮೆ ಇದ್ದವರಲ್ಲಿ ನೂರಕ್ಕೆ ಸುಮಾರು 71 ಜನ ಸರಿಯಾಗಿಯೇ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಗುಳಿಗೆ, ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು ಸುಮಾರು 35. ಬಾಯಲ್ಲಿ ಬಂದದ್ದು ಕೈಗೆ ಬಂದಿರಲಿಲ್ಲ.

ಹಾಗಾಗಿ ನಾನು ಕೇಳುವುದನ್ನು ಬಿಟ್ಟು ಮಾಡಿ ತೋರಿಸಲು ಹೇಳುತ್ತೇನೆ. ಒಂದು ಲೋಟ ನೀರು, ಅವರದೇ ಸಿರಿಂಜ್. "ಯವ್ವಾ, ನಾಳಿ ಮುಂಜಾನಿ ಏನ್ ಮಾಡ್ತೀರಿ, ಒಮ್ಮಿ ಮಾಡಿ ತೋರಸ್ರಿ. ನಾ ಸರಿ ಹೇಳೀನೋ ಇಲ್ಲೋ ನೋಡ್ತೀನಿ." ತಪ್ಪಾದರೆ ಹೇಳಿದವನದು ಅಂತ ಮೊದಲೇ ಒಪ್ಪಿಕೊಂಡರೆ ಅವರಿಗೂ ಮುಜುಗರವಿಲ್ಲ. ಸಿರಿಂಜನ್ನು ಎಲ್ಲಿ ನೋಡಿ ಅಳೆಯುತ್ತಾರೆ ಅಂತ ಗಮನಿಸಿ. ಒಳಗಿನ ಕಪ್ಪು ರಬ್ಬರಿನಲ್ಲಿ ಎರಡು ಅಂಚು ಇರುತ್ತವೆ. ಔಷಧಕ್ಕೆ ತಾಗಿದ ಅಂಚು ಗೀಟಿಗೆ ಬರಬೇಕು, ಹಿಡಿಕೆಯ ಕಡೆಯದಲ್ಲ. ಚೀಟಿಯಲ್ಲಿ ಇದನ್ನು ಎಷ್ಟು ಬರೆದರೂ ತಿಳಿಯದು, ತೋರಿಸಿದರೆ ಕ್ಷಣದ ಕೆಲಸ. ಮನೆಯಲ್ಲಿ ಔಷಧ ಕೊಡುವವರು ಬೇರೆಯವರಾದರೆ, ಅಂದರೆ ಅಂಗಡಿಗೆ ಬಂದವನು ಅಪ್ಪ, ಕೊಡುವವರು ಆಯಿ ಆದರೆ, ಅವನು ಮನೆಗೆ ಹೋಗಿ ಆಯಿಯಿಂದ ಹೀಗೇ ಮಾಡಿಸಬೇಕು. ಆ ಮನೆಯಲ್ಲಿ ಆಡುವ ಮಾತು ದಖನಿ, ಲಂಬಾಣಿ, ತೆಲುಗು ಆಗಿದ್ದರೆ ಚೀಟಿ ಕನ್ನಡದಲ್ಲಿದ್ದರೂ ಚಿತ್ರ, ಕೆಂಪು ಗೀಟು, ಚೌಕಗಳು ಕೆಲಸ ಮಾಡುತ್ತವೆ.

ಕೊನೆಗೆ ಉಳಿಯುವುದು ಎರಡನೇ ಬಾಟಲಿ. ಅದರಿಂದ ಮೂರೇ ಸಲ ತೆಗೆದದ್ದು, 12 ಎಮ್ಎಲ್. ಇನ್ನೂ 18 ಎಮ್ಎಲ್ ಇದೆ, ಅರ್ಧಕ್ಕಿಂತ ಜಾಸ್ತಿ. ದುಡ್ಡು ಕೊಟ್ಟು ತಂದದ್ದು, ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಂದಿನ ತಿಂಗಳು ದೊಡ್ಡ ಕೂಸಿಗೆ ಕೆಮ್ಮು ಬಂದಾಗ ಫ್ರಿಜ್ಜಿನ ಬಾಗಿಲು ತೆಗೆಯುತ್ತಾರೆ. ಬೆರೆಸಿದ ಏಳು ದಿನಕ್ಕೆ ಅದರ ಆಯುಸ್ಸು ಮುಗಿದಿರುತ್ತದೆ, ಆ ಕೆಮ್ಮಿಗೆ ಆ್ಯಂಟಿಬಯಾಟಿಕ್ ಬೇಕೋ ಬೇಡವೋ ಅದೂ ಗೊತ್ತಿಲ್ಲ. ಹತ್ತನೇ ಚೌಕದ ಪಕ್ಕದಲ್ಲೇ ಇದನ್ನೂ ಬರೆದುಬಿಡಿ: ‘ಉಳಿದದ್ದನ್ನು ಇವತ್ತೇ ಬೂದಿಗೋ ಚಹಾಪುಡಿಯ ಗಸಿಗೋ ಸುರಿದು, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಬಾಟ್ಲಿ ತೊಳೆದು ಎಣ್ಣೆಗೆ ಇಟ್ಟುಕೊಳ್ಳುವುದಾದರೆ ಮೊದಲು ಲೇಬಲ್ ಕಿತ್ತು ತೆಗೆಯಿರಿ.’